ವಿಳಾಸ ನೋಡಿದರೇ ಜಾಗ ತಿಳಿಯಲಿ

ಶಾಲೆಯ ಲ್ಯಾಬಿನ ಕಂಪ್ಯೂಟರೊಂದರ ಐಪಿ ವಿಳಾಸ 10.1.40.17 ಎಂದುಕೊಳ್ಳಿ. 1 ಮುಖ್ಯ ಕಟ್ಟಡ. 40 ಲ್ಯಾಬಿನ ವಿಎಲ್ಯಾನ್, ಅಂದರೆ ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ. ಕಚೇರಿಗೆ 20, ವೈಫೈಗೆ 60, ಕ್ಯಾಮೆರಾಗಳಿಗೆ 80. ದೂರು ಬಂದಾಗ ನಕ್ಷೆ ಹುಡುಕಬೇಕಿಲ್ಲ.

10, 20, 30 ಎಂದು ಯಾಕೆ ಬೇಡ? ಒಂದು /24 ಜಾಲದಲ್ಲಿ 254 ಸಾಧನಗಳಿಗಷ್ಟೇ ಜಾಗ. ಮಕ್ಕಳ ಕೈಗೆ ಟ್ಯಾಬ್ಲೆಟ್ ಬಂದ ಮೇಲೆ ವೈಫೈ ತುಂಬಿಹೋಗುತ್ತದೆ. ವಿಳಾಸ ಸಿಗದ ಸಾಧನಗಳಲ್ಲಿ 169.254 ಎಂದು ಶುರುವಾಗುವ ಸಂಖ್ಯೆ ಕಾಣಿಸುವುದುಂಟು. ಆಗ 60ರಿಂದ 63ರವರೆಗೆ ಒಟ್ಟುಗೂಡಿಸಿ /22 ಮಾಡಿದರೆ 1,022 ಸಾಧನಗಳಿಗೆ ಜಾಗವಾಗುತ್ತದೆ. ಈ ಜೋಡಣೆ 4ರಿಂದ ಭಾಗವಾಗುವ ಸಂಖ್ಯೆಯಿಂದಲೇ ಶುರುವಾಗಬೇಕು, 30ರಿಂದ ಆಗದು. ಹಿಗ್ಗಿಸುವ ದಿನ ಸಬ್‌ನೆಟ್ ಮಾಸ್ಕನ್ನು ರೂಟರು, ಡಿಎಚ್‌ಸಿಪಿ ಎರಡರಲ್ಲೂ ಬದಲಿಸಿ.