ದಿನಕ್ಕೆ ಆರು ಲೆಕ್ಕ: ಮುಂದೂಡುತ್ತಲೇ ಬಂದ ಮೆಂಟಲ್ ಎಬಿಲಿಟಿಗೆ ಒಂದು ದಾರಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರುವಾಗುವುದು ಒಂದು ವಾಯ್ಸ್ ಮೆಸೇಜ್‌ನಿಂದ. ಕಳಿಸಿದವರು ಧಾರವಾಡದಲ್ಲಿ ರೂಮ್ ಮಾಡಿಕೊಂಡು ಕೆಎಎಸ್‌ಗೆ ಓದುತ್ತಿರುವ ಒಬ್ಬ ಹುಡುಗಿ. ಹೆಸರು ಬೇಡ ಅಂದಿದ್ದಾರೆ. ಅವರ ಮಾತು ಹೀಗಿತ್ತು: "ಸರ್, ಇತಿಹಾಸ, ಸಂವಿಧಾನ ಎಲ್ಲಾ ಕೂತು ಓದ್ತೀನ್ರಿ. ಮೆಂಟಲ್ ಎಬಿಲಿಟಿ ಪುಸ್ತಕ ಮಾತ್ರ ನಾಳೆ ತಗದ್ರಾತು ಅಂತ ಇಡ್ತೀನಿ. ಹಂಗ ಇಟ್ಟು ಇಟ್ಟು ಎಂಟ್ ತಿಂಗಳಾತು. ಮನ್ಯಾಗ ಇದೊಂದು ಸಲ ನೋಡು, ಆಮೇಲೆ ವಾಪಸ್ ಬಾ ಅಂದಾರ."

ಎಷ್ಟು ನಷ್ಟ ಆಗಿದೆ ಅಂತ ಮೊದಲು ನೋಡೋಣ. ಕೆಎಎಸ್ ಪ್ರಿಲಿಮ್ಸ್‌ನ ಎರಡನೇ ಪತ್ರಿಕೆಯಲ್ಲಿ 100 ಪ್ರಶ್ನೆ, 200 ಅಂಕ, ಸಮಯ 2 ಗಂಟೆ. ಅದರಲ್ಲಿ ಮೆಂಟಲ್ ಎಬಿಲಿಟಿ ಪ್ರಶ್ನೆಗಳು 30, ಅಂದರೆ 60 ಅಂಕ. ತಪ್ಪಿಗೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತ. ಇವರು ಹೋದ ಸಲ ಮುಟ್ಟಿದ್ದು 11 ಪ್ರಶ್ನೆ. 5 ಸರಿ, 6 ತಪ್ಪು. ಸರಿಗೆ 10 ಅಂಕ ಬಂತು, ತಪ್ಪಿಗೆ 3 ಹೋಯ್ತು, ಉಳಿದದ್ದು 60ಕ್ಕೆ 7. ಉಳಿದ ವಿಷಯಗಳನ್ನು ಎಷ್ಟೇ ಚೆನ್ನಾಗಿ ಓದಿದ್ದರೂ ಈ ಗುಂಡಿ ತುಂಬುವುದು ಕಷ್ಟ.

ಅವರಿಗೂ ಇದು ಗೊತ್ತಿತ್ತು. ಹಾಗಾಗಿ ಎರಡು ಸಲ "ಈ ಭಾನುವಾರ ಪೂರ್ತಿ ಗಣಿತ" ಅಂತ ಕೂತಿದ್ದರು. ಮೊದಲ ಎರಡು ಗಂಟೆ ಚೆನ್ನಾಗಿ ಹೋಯ್ತಂತೆ. ಮಧ್ಯಾಹ್ನದ ಹೊತ್ತಿಗೆ ತಲೆ ಕೆಟ್ಟು ಪುಸ್ತಕ ಮುಚ್ಚಿದರು. ಆಮೇಲೆ ಮೂರು ವಾರ ಅದರ ಕಡೆ ತಿರುಗಿ ನೋಡಲಿಲ್ಲ. ಮತ್ತೆ ತೆಗೆದಾಗ ಮೊದಲು ಕಲಿತದ್ದೂ ಮರೆತಿತ್ತು.

ಇದಕ್ಕೆ ಸೋಮಾರಿತನ ಅಂತ ಹೆಸರಿಡುವ ಮುಂಚೆ ಒಂದು ಹಳೆಯ ಪ್ರಯೋಗ ಕೇಳಿ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅನ್ನುವವರು ನೆನಪಿನ ಬಗ್ಗೆ 1885ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅರ್ಥವೇ ಇಲ್ಲದ ಉಚ್ಚಾರಗಳ ಸಾಲುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ನೆನಪಿರುತ್ತೆ ಅಂತ ಅವರು ಲೆಕ್ಕ ಇಟ್ಟಿದ್ದರು. ಒಂದೇ ದಿನ 68 ಸಲ ಓದಿದ್ದರಿಂದ ಸಿಕ್ಕ ಲಾಭ, ಮೂರು ದಿನಕ್ಕೆ ಹಂಚಿ ಬರೀ 38 ಸಲ ಓದಿದಾಗಲೇ ಸಿಕ್ಕಿತ್ತು. ಅದು ಬಾಯಿಪಾಠದ ಮಾತು, ಲೆಕ್ಕದ್ದಲ್ಲ, ನಿಜ. ಆದರೆ ಇಡೀ ಭಾನುವಾರ ಕೂತರೂ ಯಾಕೆ ಕೈಯಲ್ಲಿ ಉಳಿಯಲಿಲ್ಲ ಅನ್ನುವುದಕ್ಕೆ ಅದರಲ್ಲಿ ಸುಳಿವಿದೆ.

ಸರಿ, ದಿನಾ ಸ್ವಲ್ಪ ಸ್ವಲ್ಪ ಮಾಡೋದು. ಆದರೆ ಏನನ್ನು ಸ್ವಲ್ಪ ಮಾಡೋದು? ಪುಸ್ತಕದ ಮೊದಲ ಪುಟದಿಂದ ಶುರು ಮಾಡಿದರೆ, ಎಡವುವ ಜಾಗ ಬರುವಷ್ಟರಲ್ಲಿ ಎರಡು ತಿಂಗಳು ಹೋಗಿರುತ್ತೆ. ಅದಕ್ಕೇ ನಾನು ಅವರಿಗೆ ಮೊದಲು ಹೇಳಿದ್ದು ಇಷ್ಟೆ: ಹಳೆಯ ಪ್ರಶ್ನೆಪತ್ರಿಕೆಯಿಂದ 10 ಲೆಕ್ಕ ತಗೊಳ್ಳಿ, ಟೈಮ್ ನೋಡಬೇಡಿ, ಪ್ರತಿ ತಪ್ಪಿನ ಪಕ್ಕ ಯಾಕೆ ತಪ್ಪಾಯ್ತು ಅಂತ ಒಂದು ಮಾತು ಬರೆಯಿರಿ. ವಿಧಾನವೇ ಗೊತ್ತಿರಲಿಲ್ಲವಾ, ಪ್ರಶ್ನೆಯನ್ನು ತಪ್ಪಾಗಿ ಓದಿದಿರಾ, ಇಲ್ಲ ಕೂಡಿಸಿ ಕಳೆಯುವಾಗ ಕೈ ತಪ್ಪಿತಾ?

3 ಸರಿ ಬಂತು, 7 ತಪ್ಪು. ಆ ಏಳರಲ್ಲಿ ಎರಡು ಓದಿನ ತಪ್ಪು, ಒಂದು ಕೈತಪ್ಪು. ಉಳಿದ ನಾಲ್ಕು ಬೇರೆ ಬೇರೆ ಅಧ್ಯಾಯದವು: ಒಂದು ಲಾಭ-ನಷ್ಟ, ಒಂದು ಬಡ್ಡಿ, ಒಂದು ಅನುಪಾತ, ಒಂದು ಬೆಲೆ ಏರಿಕೆ. ನಾಲ್ಕೂ ನಿಂತಿದ್ದು ಮಾತ್ರ ಒಂದೇ ಜಾಗದಲ್ಲಿ.

ಬೆಲೆ ಏರಿಕೆಯ ಲೆಕ್ಕವನ್ನೇ ನೋಡಿ. ಅಕ್ಕಿಯ ಬೆಲೆ 25% ಏರಿತು. ಮನೆಯ ಅಕ್ಕಿ ಖರ್ಚು ಮೊದಲಿನಷ್ಟೇ ಇರಬೇಕಾದರೆ ಎಷ್ಟು ಶೇಕಡ ಕಡಿಮೆ ಕೊಳ್ಳಬೇಕು? ಅವರು ಬರೆದ ಉತ್ತರ 25. ನೀವೂ ಹಾಗೇ ಅಂದುಕೊಂಡಿರಾ? ಕಿಲೋಗೆ 40 ರೂಪಾಯಿ ಇತ್ತು, 20 ಕಿಲೋ ತರ್ತಿದ್ವಿ ಅಂತ ಇಟ್ಟುಕೊಳ್ಳಿ. ಖರ್ಚು 800. ಈಗ ಕಿಲೋಗೆ 50 ಆಯ್ತು. ಅದೇ 800ಕ್ಕೆ ಬರುವುದು 16 ಕಿಲೋ. 20ರಲ್ಲಿ 4 ಕಡಿಮೆ, ಅಂದರೆ 20%. ಬೆಲೆ 40ರ ಮೇಲೆ ಕಾಲು ಭಾಗ ಏರಿತು, ಕೊಳ್ಳುವುದು ಐದನೇ ಒಂದು ಭಾಗ ಇಳಿಯಿತು. ಶೇಕಡ ಯಾವುದರ ಮೇಲೆ ಅನ್ನುವ ಪ್ರಶ್ನೆಯನ್ನು ಅವರು ಕೇಳಿಕೊಂಡಿರಲೇ ಇಲ್ಲ. ಲಾಭ-ನಷ್ಟದಲ್ಲೂ ಅದೇ ಆಗಿತ್ತು: ಲಾಭವನ್ನು ಕೊಂಡ ಬೆಲೆಯ ಮೇಲೆ ಹಾಕುವ ಬದಲು ಮಾರಿದ ಬೆಲೆಯ ಮೇಲೆ ಹಾಕಿದ್ದರು.

ಅಂದರೆ ಅವರಿಗೆ ಕಷ್ಟ ಇದ್ದದ್ದು "ಗಣಿತ" ಅಲ್ಲ, ಭಿನ್ನರಾಶಿ ಮತ್ತು ಶೇಕಡ. ಹೈಸ್ಕೂಲಿಗೂ ಮುಂಚಿನ ಪಾಠ. ಹಾಗಾಗಿ ಮೊದಲ ಎರಡು ವಾರ ಹೆಚ್ಚಿನ ಲೆಕ್ಕಗಳು ಅಲ್ಲಿಂದಲೇ.

ಈಗ ದಿನದ ಅಳತೆ. 25 ನಿಮಿಷ, 6 ಲೆಕ್ಕ. ಅದರಲ್ಲಿ 2 ಲೆಕ್ಕ ಹಿಂದೆ ತಪ್ಪಿದ್ದವು, 3 ಹೊಸವು, 1 ಬೇರೆ ಅಧ್ಯಾಯದ್ದು. ಶುರುವಿನಲ್ಲಿ ಹಿಂದೆ ತಪ್ಪಿದ್ದು ಅಂದರೆ ಆ ಏಳು ಲೆಕ್ಕಗಳೇ. ಒಂದು ಲೆಕ್ಕಕ್ಕೆ 4 ನಿಮಿಷ. ಅಷ್ಟರಲ್ಲಿ ಬರಲಿಲ್ಲ ಅಂದರೆ ಒದ್ದಾಡುವುದು ಬೇಡ, ಬಿಡಿಸಿದ್ದನ್ನು ಓದಿ, ಪುಸ್ತಕ ಮುಚ್ಚಿ, ಕೊನೆಗೆ ಅದನ್ನೇ ನೀವಾಗಿ ಒಮ್ಮೆ ಬರೆಯಿರಿ. ಆ ಲೆಕ್ಕ ಮೂರು ದಿನ ಬಿಟ್ಟು "ಹಳೆಯದು" ಆಗಿ ಮತ್ತೆ ಬರಬೇಕು. ಆಗ ಸರಿ ಬಂದರೆ ಒಂದು ವಾರದ ಮೇಲೆ ಇನ್ನೊಂದು ಸಲ. ಎರಡೂ ಸಲ ಸರಿಯಾದರೆ ಪಟ್ಟಿಯಿಂದ ಹೊಡೆದುಹಾಕಿ.

ಯಾಕೆ ಆರೇ? ಜ್ವರ ಬಂದ ದಿನ, ಊರಿಂದ ನೆಂಟರು ಬಂದ ದಿನವೂ ಆಗುವಷ್ಟಿರಲಿ ಅಂತ. ಉತ್ಸಾಹ ಇದ್ದ ದಿನಕ್ಕೆ ಅಳತೆ ಮಾಡಿ 20 ಲೆಕ್ಕ ಅಂತ ಇಟ್ಟರೆ ನಾಲ್ಕನೇ ದಿನ ಮುರಿಯುತ್ತೆ. ಇನ್ನೊಂದು ವಿಷಯ: ಚೆನ್ನಾಗಿ ನಡೀತಿದೆ ಅಂತ ಮುಂದುವರಿಸಬೇಡಿ. ಇವತ್ತು ಒಂದೂವರೆ ಗಂಟೆ ಕೂತರೆ, ನಾಳೆ 25 ನಿಮಿಷ ಅಂದಾಗಲೂ ಮನಸ್ಸಿಗೆ ಒಂದೂವರೆ ಗಂಟೆಯೇ ಕಾಣುತ್ತೆ.

ಹೊತ್ತು ಕೂಡ ಒಂದೇ ಇರಲಿ. ಇವರು ಬೆಳಗ್ಗೆ ಚಹಾ ಆದ ಮೇಲೆ, ಪೇಪರ್ ಮುಟ್ಟುವ ಮುಂಚೆ ಅಂತ ಇಟ್ಟುಕೊಂಡರು. ಯಾಕಂದರೆ ಪೇಪರ್ ತೆಗೆದರೆ ಕರೆಂಟ್ ಅಫೇರ್ಸ್, ಅದರಿಂದ ಸಂವಿಧಾನ, ಹಾಗೇ ಇಷ್ಟದ ವಿಷಯಗಳೇ ದಿನವನ್ನೆಲ್ಲ ತಿಂದುಬಿಡುತ್ತವೆ.

ಇದರಲ್ಲಿ ಹೆಚ್ಚು ಕೆಲಸ ಮಾಡಿದ್ದು ಒಂದು ಸಣ್ಣ ವಿಷಯ. ಆರು ಲೆಕ್ಕವನ್ನು ಹಿಂದಿನ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡುವುದು. ಬೆಳಗ್ಗೆ ಪುಸ್ತಕ ತೆಗೆದು "ಇವತ್ತು ಯಾವುದು ಮಾಡಲಿ" ಅಂತ ಪುಟ ತಿರುಗಿಸುವ ಐದು ನಿಮಿಷ ಇದೆಯಲ್ಲ, ಇಷ್ಟವಿಲ್ಲದ ವಿಷಯ ಜಾರಿಹೋಗುವುದೇ ಅಲ್ಲಿ. ಹಾಳೆ ಮುಂದಿದ್ದರೆ ಪೆನ್ ಹಿಡಿಯುವುದೊಂದೇ ಬಾಕಿ.

ಒಂದು ದಿನ ತಪ್ಪಿದರೆ? ಮಾರನೇ ದಿನ 12 ಮಾಡಬೇಡಿ. ಅದೇ ಹಾಳೆ, ಅದೇ 6. ಬಾಕಿ ಸೇರುತ್ತಾ ಹೋದರೆ ಅದು ಸಾಲದ ಹಾಗೆ, ಸಾಲಗಾರ ಕಂಡರೆ ರಸ್ತೆ ದಾಟುವವರು ನಾವು.

ಮತ್ತೆ, ವಿಡಿಯೋ ನೋಡಿದ್ದನ್ನು ಲೆಕ್ಕಕ್ಕೆ ಸೇರಿಸಬೇಡಿ. ಬೇರೆಯವರು ಬಿಡಿಸುವಾಗ ಎಲ್ಲಾ ಅರ್ಥ ಆಗುತ್ತೆ. ಪರೀಕ್ಷೆಯಲ್ಲಿ ಮೊದಲ ಸಾಲು ಬರೆಯಬೇಕಾದವರು ನಾವು. ವಿಧಾನ ಗೊತ್ತಿಲ್ಲದಿದ್ದರೆ ವಿಡಿಯೋ ನೋಡಿ, ಆದರೆ ಅದು 25 ನಿಮಿಷದ ಹೊರಗೆ.

ಇಷ್ಟೆಲ್ಲ ಮಾಡಿಯೂ ಎರಡನೇ ವಾರ ಒಂದು ಎಡವಟ್ಟಾಯ್ತು. ಅವರು ಖುಷಿಯಾಗಿ ಹೇಳಿದರು, "ದಿನಾ ಆರಕ್ಕ ಐದು ಸರಿ ಬರಾಕತ್ತಾವ್ರಿ." ಆದರೆ ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯಿಂದ 10 ಲೆಕ್ಕ ಮಾಡಿದಾಗ ಸರಿ ಬಂದದ್ದು 4. ಹಾಳೆಗಳನ್ನು ತೆಗೆದು ನೋಡಿದೆವು. ಅವರು ಆರಿಸುತ್ತಿದ್ದದ್ದು ಅಭ್ಯಾಸದ ಮೊದಲ ಹತ್ತು ಲೆಕ್ಕಗಳನ್ನು, ಅವು ಸುಲಭದವು. ಜೊತೆಗೆ ಮೇಲೆ "ಶೇಕಡ" ಅಂತ ತಲೆಬರಹ ಇರುವಾಗ ಯಾವ ವಿಧಾನ ಹಾಕಬೇಕು ಅಂತ ಯೋಚಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ತಲೆಬರಹ ಇರುವುದಿಲ್ಲ.

ಎರಡು ಬದಲಾವಣೆ ಮಾಡಿಕೊಂಡರು. ಹೊಸ ಲೆಕ್ಕಗಳನ್ನು ಇಷ್ಟ ಬಂದಂತೆ ಆರಿಸುವ ಬದಲು ಪ್ರತಿ ನಾಲ್ಕನೆಯದು ಅಂತ ನಿಗದಿ: 4, 8, 12. ಮೂರನೇ ವಾರದಿಂದ 3 ಹೊಸ ಲೆಕ್ಕ ಮೂರು ಬೇರೆ ಅಧ್ಯಾಯದಿಂದ. ಆ ವಾರ ದಿನದ ಸರಿ ಉತ್ತರ ಐದರಿಂದ ಮೂರಕ್ಕೆ ಇಳಿಯಿತು. ಅವರಿಗೆ ಗಾಬರಿ. ಐದನೇ ಭಾನುವಾರ ಮಾತ್ರ 10ಕ್ಕೆ 7 ಬಂತು. ಅದಕ್ಕೇ ಹೇಳುವುದು, ದಿನದ ಹಾಳೆಯನ್ನು ನಂಬಬೇಡಿ, ಭಾನುವಾರದ ಹತ್ತನ್ನು ನಂಬಿ. ಮೂರು ಭಾನುವಾರ ಕಳೆದರೂ ಆ ಸಂಖ್ಯೆ ಅಲ್ಲಾಡದಿದ್ದರೆ ಲೆಕ್ಕ ಹೆಚ್ಚಿಸಬೇಡಿ, ತಪ್ಪಿನ ಕಾರಣಗಳನ್ನು ಮತ್ತೆ ಓದಿ. ನೀವು ಬೇರೆ ಜಾಗದಲ್ಲಿ ಅಗೆಯುತ್ತಿರಬಹುದು.

ಆರನೇ ವಾರದಿಂದ ಅಳತೆಯೇ ಬೇರೆ. 100 ಪ್ರಶ್ನೆಗೆ 120 ನಿಮಿಷ, ಒಂದಕ್ಕೆ ಸರಾಸರಿ 72 ಸೆಕೆಂಡ್. 4 ನಿಮಿಷದಲ್ಲಿ ಸರಿ ಬರುವ ಲೆಕ್ಕ ಪರೀಕ್ಷೆಗೆ ಸಾಲದು. ಈಗ ಅವರು 15 ನಿಮಿಷದಲ್ಲಿ 10 ಲೆಕ್ಕ ಇಟ್ಟುಕೊಂಡಿದ್ದಾರೆ, ಉಳಿದ 10 ನಿಮಿಷ ತಪ್ಪಿದ್ದನ್ನು ತಿದ್ದಲು. ಯಾವುದನ್ನು ಬಿಡಬೇಕು ಅಂತ ಕಲಿಯುವುದೂ ಇದರಲ್ಲೇ ಸೇರಿದೆ, ಯಾಕಂದರೆ ಗೊತ್ತಿಲ್ಲದ್ದನ್ನು ಊಹಿಸಿ ಹೋದ ಸಲ 3 ಅಂಕ ಕಳೆದುಕೊಂಡವರು ಅವರು.

ಇದಕ್ಕೊಂದು ಮಿತಿ ಇದೆ, ಅದನ್ನೂ ಹೇಳಬೇಕು. ವಾರಕ್ಕೆ ಆರು ದಿನ, ದಿನಕ್ಕೆ 25 ನಿಮಿಷ ಅಂದರೆ ಎರಡೂವರೆ ಗಂಟೆ. 12 ವಾರಕ್ಕೆ 30 ಗಂಟೆ. ಶೇಕಡ, ಅನುಪಾತ, ಲಾಭ-ನಷ್ಟ, ಬಡ್ಡಿ, ಕೆಲಸ ಮತ್ತು ಸಮಯ, ಇಷ್ಟನ್ನು ಎತ್ತಿ ನಿಲ್ಲಿಸಲು ಅದು ಸಾಕಾದೀತು. ಒಂದು ದೊಡ್ಡ ಕೋಷ್ಟಕ ಕೊಟ್ಟು ಐದು ಪ್ರಶ್ನೆ ಕೇಳುವಂಥವಕ್ಕೆ 4 ನಿಮಿಷದ ತುಂಡು ಹೊಂದುವುದಿಲ್ಲ, ಅವನ್ನು ಭಾನುವಾರಕ್ಕೆ ಇಡಿ. ಪರೀಕ್ಷೆಗೆ ಹದಿನೈದೇ ದಿನ ಇದ್ದರೆ ಈ ದಾರಿಯಿಂದ ಹೆಚ್ಚೇನೂ ಸಿಗದು. ಆಗ ಈಗಾಗಲೇ ಅರ್ಧ ಬರುವ ಎರಡು ಅಧ್ಯಾಯಗಳನ್ನು ಗಟ್ಟಿ ಮಾಡಿ, ಬಾರದ್ದನ್ನು ಊಹಿಸದೆ ಬಿಡುವುದೇ ಲಾಭ.

ನಮ್ಮ ಧಾರವಾಡದ ಗೆಳತಿಯ ಪರೀಕ್ಷೆ ಇನ್ನೂ ಆಗಿಲ್ಲ. ಮೊನ್ನೆ ಫೋನ್ ಮಾಡಿದಾಗ ಹೇಗೆ ನಡೀತಿದೆ ಅಂತ ಕೇಳಿದೆ. "ಇನ್ನೂ ಇಷ್ಟ ಅಂತೂ ಆಗಿಲ್ರಿ," ಅಂದರು, "ಆದ್ರ ಚಹಾ ಕುಡದ ಮ್ಯಾಲೆ ಕೈ ತಾನಾ ಹಾಳಿ ಕಡೆ ಹೋಗ್ತದ."

ನಿಮ್ಮದೂ ಇಂಥದ್ದೊಂದು ಪುಸ್ತಕ ಶೆಲ್ಫಿನಲ್ಲಿದ್ದರೆ, ಇವತ್ತು ಓದಬೇಡಿ. ಮಲಗುವ ಮುಂಚೆ ಹಳೆಯ ಪತ್ರಿಕೆಯಿಂದ ಹತ್ತು ಲೆಕ್ಕ ಹಾಳೆಗೆ ಬರೆದಿಡಿ, ಅಷ್ಟೇ. ಬಿಡಿಸುವುದು ಬೆಳಗ್ಗೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.