ಐದು ವರ್ಷದ ಹಣವನ್ನು ಇವತ್ತಿನ ಬೆಲೆಗೆ ತರುವ ಲೆಕ್ಕ

ಬಿ.ಕಾಂ. ವಿದ್ಯಾರ್ಥಿಗಳ ಹಣಕಾಸು ನಿರ್ವಹಣೆ ಪ್ರಶ್ನೆಪತ್ರಿಕೆಯಲ್ಲಿ ಈ ಬಗೆಯ ಲೆಕ್ಕ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ: ಒಂದು ಕಂಪನಿ 2,00,000 ರೂಪಾಯಿಯ ಯಂತ್ರ ಕೊಳ್ಳಬೇಕೆಂದಿದೆ. ಯಂತ್ರದ ಆಯುಷ್ಯ 5 ವರ್ಷ, ಕೊನೆಯಲ್ಲಿ ಅದರ ಗುಜರಿ ಬೆಲೆ 20,000 ರೂಪಾಯಿ. ಸವಕಳಿ ಮತ್ತು ತೆರಿಗೆ ಕಳೆಯುವ ಮೊದಲಿನ ಲಾಭ ಐದು ವರ್ಷಗಳಲ್ಲಿ ಕ್ರಮವಾಗಿ 56,000, 66,000, 76,000, 66,000 ಮತ್ತು 56,000 ರೂಪಾಯಿ. ಸವಕಳಿ ಸ್ಥಿರ ಕಂತಿನ ಪದ್ಧತಿಯಲ್ಲಿ, ತೆರಿಗೆ ದರ ಶೇ. 30, ಬಂಡವಾಳದ ವೆಚ್ಚ ಶೇ. 10. ಶೇ. 10ರ ಪಿವಿ ಫ್ಯಾಕ್ಟರ್‌ಗಳು 0.909, 0.826, 0.751, 0.683, 0.621. ಯಂತ್ರ ಕೊಳ್ಳಬಹುದೇ?

ಕೊನೆಯ ಸಾಲಿನ ಆ ಐದು ದಶಮಾಂಶಗಳೇ ಲೆಕ್ಕದ ಬೆನ್ನೆಲುಬು. ಅವು ಬಂದದ್ದು ಹೀಗೆ. ಇವತ್ತು 909 ರೂಪಾಯಿಯನ್ನು ಶೇ. 10ರ ಬಡ್ಡಿಗೆ ಇಟ್ಟರೆ ವರ್ಷದ ಕೊನೆಗೆ ಬಡ್ಡಿ 90 ರೂಪಾಯಿ 90 ಪೈಸೆ ಸೇರಿ 999 ರೂಪಾಯಿ 90 ಪೈಸೆ ಆಗುತ್ತದೆ, ಅಂದರೆ ಹೆಚ್ಚುಕಡಿಮೆ ಸಾವಿರ. ಹಾಗಾದರೆ ಇನ್ನೊಂದು ವರ್ಷಕ್ಕೆ ಕೈಗೆ ಬರುವ ಸಾವಿರ ರೂಪಾಯಿ ಇವತ್ತಿನ 909 ರೂಪಾಯಿಗೆ ಸಮ. ಇದನ್ನೇ ಒಂದು ರೂಪಾಯಿಗೆ ಇಳಿಸಿ ಬರೆದರೆ 0.909. ಎರಡನೇ ವರ್ಷದ ಸಂಖ್ಯೆ ಬೇಕಾದರೆ 0.909ನ್ನು ಮತ್ತೆ 1.10ರಿಂದ ಭಾಗಿಸಬೇಕು, 0.826 ಸಿಗುತ್ತದೆ. ಬಡ್ಡಿಯ ಮೇಲೆ ಬಡ್ಡಿ ಏರುವ ದಾರಿಯನ್ನೇ ಹಿಂದಿನಿಂದ ಇಳಿದು ಬಂದಂತೆ. ಹೀಗೆ ಬೇರೆ ಬೇರೆ ದರಕ್ಕೆ ಮೊದಲೇ ಭಾಗಿಸಿಟ್ಟ ಸಂಖ್ಯೆಗಳ ಕೋಷ್ಟಕ ಪಠ್ಯಪುಸ್ತಕದ ಕೊನೆಯ ಪುಟಗಳಲ್ಲಿ ಇರುತ್ತದೆ. ಎಡಗಡೆ ವರ್ಷ, ಮೇಲ್ಗಡೆ ದರ. ಎರಡೂ ಕೂಡುವ ಮನೆಯಲ್ಲಿರುವುದೇ ಬೇಕಾದ ಫ್ಯಾಕ್ಟರ್. ಇಂಥ ಬಡ್ಡಿ ಕೋಷ್ಟಕಗಳನ್ನು ಸೈಮನ್ ಸ್ಟೆವಿನ್ 1582ರಲ್ಲೇ ಆಂಟ್‌ವರ್ಪ್‌ನಲ್ಲಿ ಅಚ್ಚು ಹಾಕಿಸಿದ್ದ. ಗುಣಿಸುವ ಯಂತ್ರಗಳಿಲ್ಲದ ಕಾಲದಲ್ಲಿ ಒಂದೊಂದು ಮನೆಯ ಸಂಖ್ಯೆಯೂ ಕೈಯಿಂದಲೇ ಮಾಡಬೇಕಾದ ದುಡಿಮೆಯಾಗಿತ್ತು.

ಕೋಷ್ಟಕ ಕೈಯಲ್ಲಿದೆ ಎಂದು ನೇರವಾಗಿ ಗುಣಿಸಲು ಹೋದರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಫ್ಯಾಕ್ಟರ್‌ನಿಂದ ಗುಣಿಸಬೇಕಾದದ್ದು ಲಾಭವನ್ನಲ್ಲ, ನಗದನ್ನು. ಪ್ರಶ್ನೆ ಕೊಟ್ಟಿರುವುದು ಲಾಭ. ಅದನ್ನು ನಗದಾಗಿ ಮಾಡಿಕೊಳ್ಳುವುದೇ ಲೆಕ್ಕದ ನಿಜವಾದ ಅರ್ಧ ಭಾಗ, ಹೆಚ್ಚಿನ ಅಂಕಗಳು ಹೋಗುವುದೂ ಇಲ್ಲಿಯೇ.

ಮೊದಲು ಸವಕಳಿ. ಯಂತ್ರದ ಬೆಲೆ 2,00,000ದಲ್ಲಿ ಗುಜರಿ ಬೆಲೆ 20,000 ಕಳೆದರೆ 1,80,000. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 36,000 ರೂಪಾಯಿ. ಗುಜರಿ ಬೆಲೆ ಕಳೆಯುವುದನ್ನು ಮರೆತು 40,000 ಎಂದು ಬರೆದವರ ಮುಂದಿನ ಸಾಲುಗಳೆಲ್ಲ ಬದಲಾಗುತ್ತವೆ. ಆದ್ದರಿಂದ ಐದು ವರ್ಷದ ಸವಕಳಿಗೆ ಗುಜರಿ ಬೆಲೆ ಕೂಡಿಸಿ ಯಂತ್ರದ ಬೆಲೆ ಬರುತ್ತದೆಯೇ ಎಂದು ಪಕ್ಕದಲ್ಲೇ ನೋಡಿಕೊಳ್ಳುವುದು ಒಳ್ಳೆಯದು: 1,80,000 ಮತ್ತು 20,000 ಸೇರಿ 2,00,000. ಸರಿ ಇದೆ.

ಈಗ ಒಂದನೇ ವರ್ಷವನ್ನು ನಿಧಾನವಾಗಿ ನೋಡಬಹುದು. ಲಾಭ 56,000. ಅದರಲ್ಲಿ ಸವಕಳಿ 36,000 ಕಳೆದರೆ ತೆರಿಗೆ ಹಾಕಬೇಕಾದ ಲಾಭ 20,000. ಅದರ ಶೇ. 30, ಅಂದರೆ 6,000, ತೆರಿಗೆಗೆ ಹೋಗುತ್ತದೆ. ಉಳಿದದ್ದು 14,000. ಇಷ್ಟಕ್ಕೆ ನಿಲ್ಲಿಸಿದರೆ ಕಂಪನಿಯ ಕೈಗೆ ಬಂದ ಹಣ 14,000 ಎಂದಾಗುತ್ತದೆ, ಅದು ನಿಜವಲ್ಲ. ಸವಕಳಿಯ 36,000 ರೂಪಾಯಿಯನ್ನು ಆ ವರ್ಷ ಯಾರಿಗೂ ಕೊಟ್ಟಿಲ್ಲ. ಅದು ಪುಸ್ತಕದಲ್ಲಿ ಬರೆದ ಖರ್ಚು ಮಾತ್ರ. ಯಂತ್ರದ ಪೂರ್ತಿ ಬೆಲೆ ಕೊಟ್ಟದ್ದು ಮೊದಲ ದಿನವೇ. ಹಾಗಿರುವಾಗ ಸವಕಳಿಯನ್ನು ಕಳೆದದ್ದು ಏಕೆ ಎಂಬ ಪ್ರಶ್ನೆ ಸಹಜ. ತೆರಿಗೆ ಎಷ್ಟು ಎಂದು ತಿಳಿಯಲು ಮಾತ್ರ ಕಳೆದದ್ದು. ಆ ಕೆಲಸ ಮುಗಿದ ಮೇಲೆ 36,000ವನ್ನು ಮರಳಿ ಕೂಡಿಸಿದರೆ 50,000. ಇದು ಒಂದನೇ ವರ್ಷದ ನಗದು ಒಳಹರಿವು. ಇನ್ನೊಂದು ದಾರಿಯಿಂದ ತಾಳೆ ನೋಡಿದರೂ ಅಷ್ಟೇ: 56,000 ಬಂತು, 6,000 ತೆರಿಗೆಗೆ ಹೋಯಿತು, ಉಳಿದದ್ದು 50,000.

ಇದೇ ರೀತಿಯಲ್ಲಿ ಎರಡನೇ ವರ್ಷಕ್ಕೆ 57,000, ಮೂರನೆಯದಕ್ಕೆ 64,000, ನಾಲ್ಕನೆಯದಕ್ಕೆ 57,000, ಐದನೆಯದಕ್ಕೆ 50,000 ಬರುತ್ತದೆ. ಐದನೇ ವರ್ಷದ ಕೊನೆಗೆ ಗುಜರಿಯಿಂದ ಬರುವ 20,000ವೂ ನಗದೇ, ಅದನ್ನು ಬೇರೆ ಸಾಲಿನಲ್ಲಿ ಸೇರಿಸಬೇಕು. ಅದರ ಮೇಲೆ ತೆರಿಗೆ ಏಕಿಲ್ಲ ಎಂದರೆ, ಆ ಹೊತ್ತಿಗೆ ಪುಸ್ತಕದಲ್ಲಿ ಯಂತ್ರದ ಬೆಲೆಯೂ 20,000ವೇ ಉಳಿದಿರುತ್ತದೆ. ಮಾರಾಟದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇನ್ನು ಗುಣಾಕಾರ. ಆಯಾ ವರ್ಷದ ನಗದನ್ನು ಅದೇ ವರ್ಷದ ಫ್ಯಾಕ್ಟರ್‌ನಿಂದ ಗುಣಿಸಬೇಕು. ಉತ್ತರಪತ್ರಿಕೆಯಲ್ಲಿ ಅದನ್ನು ಹೀಗೆ ಬರೆಯುತ್ತಾರೆ:

| ವರ್ಷ | ನಗದು ಒಳಹರಿವು (ರೂ.) | ಪಿವಿ ಫ್ಯಾಕ್ಟರ್ | ಪ್ರಸ್ತುತ ಮೌಲ್ಯ (ರೂ.) |
|---|---|---|---|
| 1 | 50,000 | 0.909 | 45,450 |
| 2 | 57,000 | 0.826 | 47,082 |
| 3 | 64,000 | 0.751 | 48,064 |
| 4 | 57,000 | 0.683 | 38,931 |
| 5 | 50,000 | 0.621 | 31,050 |
| 5 (ಗುಜರಿ) | 20,000 | 0.621 | 12,420 |
| ಒಟ್ಟು | 2,98,000 | | 2,22,997 |

ಒಟ್ಟು ಪ್ರಸ್ತುತ ಮೌಲ್ಯ 2,22,997ರಲ್ಲಿ ಯಂತ್ರಕ್ಕೆ ಇವತ್ತು ಕೊಡುವ 2,00,000 ಕಳೆದರೆ 22,997 ರೂಪಾಯಿ ಉಳಿಯುತ್ತದೆ. ಇದೇ ನಿವ್ವಳ ಪ್ರಸ್ತುತ ಮೌಲ್ಯ, ವಿದ್ಯಾರ್ಥಿಗಳ ಬಾಯಲ್ಲಿ ಎನ್‌ಪಿವಿ. ಯಂತ್ರದ ಬೆಲೆಗೆ ಫ್ಯಾಕ್ಟರ್ ಹಾಕಿಲ್ಲ, ಏಕೆಂದರೆ ಆ ಹಣ ಇವತ್ತೇ ಹೋಗುತ್ತದೆ. ಇವತ್ತಿನ ಒಂದು ರೂಪಾಯಿಗೆ ಇವತ್ತು ಒಂದೇ ರೂಪಾಯಿ. ಉತ್ತರ ಸೊನ್ನೆಗಿಂತ ಹೆಚ್ಚಿದೆ, ಆದ್ದರಿಂದ ಯಂತ್ರ ಕೊಳ್ಳಬಹುದು. 22,997 ಎಂದರೆ ಐದು ವರ್ಷದ ಲಾಭ ಎಂದಲ್ಲ. ಹಾಕಿದ ಬಂಡವಾಳ ಮರಳಿ, ಅದರ ಮೇಲೆ ವರ್ಷಕ್ಕೆ ಶೇ. 10ರ ಪ್ರತಿಫಲವೂ ಸಂದು, ಅದಾದ ಮೇಲೂ ಇವತ್ತಿನ ಲೆಕ್ಕದಲ್ಲಿ ಉಳಿಯುವ ಮೊತ್ತ ಅದು. ಸಾಲದ ಬಡ್ಡಿಯನ್ನು ನಗದಿನಲ್ಲಿ ಬೇರೆಯಾಗಿ ಕಳೆಯದಿರುವುದೂ ಇದೇ ಕಾರಣಕ್ಕೆ: ಅದು ಆಗಲೇ ಶೇ. 10ರೊಳಗೆ ಕುಳಿತಿದೆ.

ಸವಕಳಿಯನ್ನು ಮರಳಿ ಕೂಡಿಸದವರ ಉತ್ತರ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಅವರ ಸಾಲಿನಲ್ಲಿ ವರ್ಷಕ್ಕೆ 14,000, 21,000, 28,000, 21,000, 14,000 ಇರುತ್ತದೆ. ಗುಜರಿಯೂ ಸೇರಿ ಒಟ್ಟು ಪ್ರಸ್ತುತ ಮೌಲ್ಯ 86,557 ಮಾತ್ರ, ಎನ್‌ಪಿವಿ ಸೊನ್ನೆಗಿಂತ 1,13,443 ಕೆಳಗೆ. ಕೊಳ್ಳಬಹುದಾದ ಯಂತ್ರವನ್ನು ಬೇಡ ಎಂದು ಬರೆದಂತಾಯಿತು. ಯಂತ್ರದ ಬೆಲೆಯನ್ನು ಎರಡು ಸಲ, ಮೊದಲ ದಿನ ಪೂರ್ತಿಯಾಗಿ ಒಮ್ಮೆ ಮತ್ತು ಸವಕಳಿಯ ರೂಪದಲ್ಲಿ ಇನ್ನೊಮ್ಮೆ, ಕಳೆದದ್ದರ ಫಲ ಇದು.

ಎರಡನೇ ದೊಡ್ಡ ತಪ್ಪು ಕೋಷ್ಟಕದ್ದೇ. ಪುಸ್ತಕದ ಕೊನೆಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಕೋಷ್ಟಕಗಳಿರುತ್ತವೆ. ಒಂದು, ಯಾವುದೋ ಒಂದು ವರ್ಷದಲ್ಲಿ ಒಮ್ಮೆ ಬರುವ ರೂಪಾಯಿಯದು. ಇನ್ನೊಂದು, ಪ್ರತಿ ವರ್ಷವೂ ಬರುವ ಒಂದೊಂದು ರೂಪಾಯಿಯದು, ಅಂದರೆ ಆನ್ಯುಯಿಟಿ ಕೋಷ್ಟಕ. ಶೇ. 10ರ ಅಡಿಯಲ್ಲಿ ಅದರ ಸಂಖ್ಯೆಗಳು 0.909, 1.736, 2.487, 3.170, 3.791 ಎಂದು ಏರುತ್ತ ಹೋಗುತ್ತವೆ. ಎರಡೂ ಕೋಷ್ಟಕಗಳ ಮೊದಲ ಸಾಲು ಒಂದೇ, 0.909. ಅಲ್ಲಿಯೇ ಕಣ್ಣು ಮೋಸಹೋಗುವುದು. ಮೊದಲ ಸಂಖ್ಯೆ ಸರಿ ಬಂತೆಂದು ಉಳಿದವನ್ನೂ ಅದೇ ಪುಟದಿಂದ ಇಳಿಸಿಕೊಳ್ಳುತ್ತಾರೆ. ಗುರುತಿಸುವುದು ಸುಲಭ. ಒಂಟಿ ರೂಪಾಯಿಯ ಫ್ಯಾಕ್ಟರ್ ಎಂದೂ ಒಂದನ್ನು ದಾಟುವುದಿಲ್ಲ, ವರ್ಷ ಕಳೆದಂತೆ ಇಳಿಯುತ್ತದೆ. ಎರಡನೇ ವರ್ಷಕ್ಕೇ ಒಂದಕ್ಕಿಂತ ದೊಡ್ಡ ಸಂಖ್ಯೆ ಕಂಡರೆ ಪುಟ ತಪ್ಪಿದೆ ಎಂದೇ ಅರ್ಥ.

ಆನ್ಯುಯಿಟಿ ಕೋಷ್ಟಕ ಕೆಲಸಕ್ಕೆ ಬರುವುದು ಎಲ್ಲ ವರ್ಷದ ನಗದೂ ಒಂದೇ ಆಗಿದ್ದಾಗ. ಇದೇ ಯಂತ್ರದಿಂದ ಪ್ರತಿ ವರ್ಷವೂ ಸಮವಾಗಿ 55,600 ಬರುತ್ತಿದ್ದರೆ ಐದು ಗುಣಾಕಾರ ಬೇಡ, 55,600ನ್ನು 3.791ರಿಂದ ಒಮ್ಮೆ ಗುಣಿಸಿದರೆ ಸಾಕು. ಮೇಲಿನ ಐದು ಫ್ಯಾಕ್ಟರ್‌ಗಳನ್ನು ಕೂಡಿಸಿ ನೋಡಿದವರಿಗೆ 3.790 ಸಿಗುತ್ತದೆ, ಕೋಷ್ಟಕದಲ್ಲಿ ಮಾತ್ರ 3.791 ಇದೆ. ಎರಡೂ ತಪ್ಪಲ್ಲ. ಒಂದೊಂದನ್ನೂ ಮೂರು ದಶಮಾಂಶಕ್ಕೆ ಮೊಟಕುಮಾಡಿ ಕೂಡಿಸಿದ್ದು ಒಂದು, ಪೂರ್ತಿ ಸಂಖ್ಯೆಗಳನ್ನು ಕೂಡಿಸಿ ಕೊನೆಗೆ ಮೊಟಕುಮಾಡಿದ್ದು ಇನ್ನೊಂದು. ಇದೇ ಕಾರಣಕ್ಕೆ ನಾಲ್ಕು ದಶಮಾಂಶದ ಕೋಷ್ಟಕ ಬಳಸಿದರೆ ಈ ಯಂತ್ರದ ಎನ್‌ಪಿವಿ 23,037 ಎಂದು ಬರುತ್ತದೆ, ನಲವತ್ತು ರೂಪಾಯಿ ಹೆಚ್ಚು. ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆಯೇ ಕೊಟ್ಟ ಫ್ಯಾಕ್ಟರ್‌ಗಳನ್ನು ಬಳಸುವುದು ಕ್ಷೇಮ.

ಕೋಷ್ಟಕದ ಅಂಕಣ ಜಾರಿದರೆ ವ್ಯತ್ಯಾಸ ಅಷ್ಟು ಸಣ್ಣದಾಗಿ ಉಳಿಯುವುದಿಲ್ಲ. ಶೇ. 10ರ ಬದಲು ಶೇ. 15ರ ಸಂಖ್ಯೆಗಳಾದ 0.870, 0.756, 0.658, 0.572, 0.497 ಇಳಿಸಿಕೊಂಡರೆ ಒಟ್ಟು ಪ್ರಸ್ತುತ ಮೌಲ್ಯ 1,96,098ಕ್ಕೆ ಇಳಿಯುತ್ತದೆ, ಎನ್‌ಪಿವಿ ಸೊನ್ನೆಗಿಂತ 3,902 ಕೆಳಗೆ ಹೋಗುತ್ತದೆ. ನಗದು ಅದೇ, ಯಂತ್ರ ಅದೇ, ತೀರ್ಮಾನ ಮಾತ್ರ ತಿರುಗುಮುರುಗು. ಬಂಡವಾಳಕ್ಕೆ ಶೇ. 15 ಕೇಳುವ ಕಂಪನಿ ಈ ಯಂತ್ರವನ್ನು ನಿಜವಾಗಿಯೂ ಬಿಟ್ಟುಬಿಡಬೇಕಾಗುತ್ತದೆ. ಇಳಿಸಿಕೊಂಡ ಅಂಕಣ ಸರಿಯೇ ಎಂದು ತಿಳಿಯಲು ಮೊದಲ ಫ್ಯಾಕ್ಟರ್‌ನ್ನು 1.10ರಿಂದ ಗುಣಿಸಿ ನೋಡಿದರೆ ಆಯಿತು, ಒಂದರ ಹತ್ತಿರ ಬರಬೇಕು. 0.870ನ್ನು ಗುಣಿಸಿದರೆ 0.957 ಬರುತ್ತದೆ, ಅಲ್ಲಿಗೆ ತಪ್ಪು ಗೊತ್ತಾಗುತ್ತದೆ.

ಕೋಷ್ಟಕ ಒಂದು ಮಾತನ್ನು ಹೇಳದೆಯೇ ಒಪ್ಪಿಕೊಂಡಿರುತ್ತದೆ: ವರ್ಷದ ಹಣವೆಲ್ಲ ವರ್ಷದ ಕೊನೆಯ ದಿನ ಒಟ್ಟಿಗೆ ಬರುತ್ತದೆ ಎಂದು. ಕಾರ್ಖಾನೆಗೆ ಹಣ ಬರುವುದು ತಿಂಗಳು ತಿಂಗಳೂ. ಬೇಗ ಬಂದ ಹಣಕ್ಕೆ ಬೆಲೆ ಹೆಚ್ಚು, ಆದ್ದರಿಂದ ನಿಜದ ಎನ್‌ಪಿವಿ ಇದಕ್ಕಿಂತ ಸ್ವಲ್ಪ ಮೇಲೆಯೇ ಇದ್ದೀತು. ಸವಕಳಿಯ ವಿಷಯದಲ್ಲೂ ಪರೀಕ್ಷೆ ಸರಳ ದಾರಿ ಹಿಡಿದಿದೆ. ಭಾರತದ ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಸ್ಥಿರ ಕಂತಿನ ಬದಲು ಉಳಿದ ಮೌಲ್ಯದ ಮೇಲೆ ವರ್ಷಕ್ಕೆ ಶೇ. 15ರಂತೆ ಸವಕಳಿ ಸಿಗುತ್ತದೆ. ಹಾಗಾಗಿ ಮೊದಲ ವರ್ಷದ ಸವಕಳಿ 36,000 ಆಗದೆ 30,000 ಆಗುತ್ತದೆ, ತೆರಿಗೆ 6,000ದ ಬದಲು 7,800 ಆಗುತ್ತದೆ, ಕೈಗೆ ಉಳಿಯುವ ನಗದು 48,200ಕ್ಕೆ ಇಳಿಯುತ್ತದೆ. ಆ ಸಂಖ್ಯೆಗಳನ್ನಿಟ್ಟು ಲೆಕ್ಕ ಮಾಡುವಾಗಲೂ ಬಳಸುವ ಫ್ಯಾಕ್ಟರ್ ಮಾತ್ರ ಅದೇ 0.909.