ಫೋಟೊದಲ್ಲಿರುವ ಎಮ್ಮೆ ಮುರ್ರಾ ಹೌದೋ ಅಲ್ಲವೋ?

ಮಾರಾಟಕ್ಕಿರುವ ಎಮ್ಮೆಯ ಫೋಟೊ ಮೊಬೈಲಿಗೆ ಬಂತೆಂದರೆ ಅದರ ಕೆಳಗೆ ‘ಪ್ಯೂರ್ ಮುರ್ರಾ’ ಎಂಬ ಮಾತು ಇದ್ದೇ ಇರುತ್ತದೆ. ಕಪ್ಪಗಿದ್ದು ಮೈಕಟ್ಟು ದೊಡ್ಡದಾಗಿದ್ದರೆ ಸಾಕು, ದಲ್ಲಾಳಿಗಳ ಲೆಕ್ಕದಲ್ಲಿ ಅದು ಹರಿಯಾಣದ್ದೇ. ಮುರ್ರಾ ಎಂಬ ಹೆಸರಿಗೆ ಸಿಗುವ ಬೆಲೆ ಬೇರೆ ಹೆಸರಿಗೆ ಸಿಗುವುದಿಲ್ಲವಾದ್ದರಿಂದ ಈ ಉತ್ಸಾಹ ಅರ್ಥವಾಗುವಂಥದ್ದೇ. ಆದರೆ ನೋಡುವ ಕ್ರಮ ಗೊತ್ತಿದ್ದರೆ ಫೋಟೊದಲ್ಲೇ ಅರ್ಧ ಸತ್ಯ ಹೊರಬೀಳುತ್ತದೆ.

ಮೊದಲು ನೋಡಬೇಕಾದದ್ದು ಕೋಡನ್ನು. ಮುರ್ರಾದ ಕೋಡು ಗಿಡ್ಡ. ಬುಡದಿಂದ ಹಿಂದಕ್ಕೆ ಹೋಗಿ, ಮೇಲೇರಿ, ಒಳಮುಖವಾಗಿ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬದಿಯಿಂದ ನೋಡಿದರೆ ಕಿವಿಯ ಮೇಲೆ ಜಿಲೇಬಿ ಅಂಟಿಸಿದಂತೆ ಕಾಣಬೇಕು. ಗುಜರಾತಿನ ಸುರ್ತಿಯ ಕೋಡು ಹೀಗೆ ಸುತ್ತುವುದಿಲ್ಲ. ಅದು ಚಪ್ಪಟೆಯಾಗಿದ್ದು, ಕೆಳಗೂ ಹಿಂದಕ್ಕೂ ಬಾಗಿ, ತುದಿಯಲ್ಲಿ ಮಾತ್ರ ಕೊಕ್ಕೆಯ ಹಾಗೆ ಮೇಲಕ್ಕೆ ಎದ್ದಿರುತ್ತದೆ. ಇದನ್ನೇ ಕುಡುಗೋಲು ಕೋಡು ಎನ್ನುವುದು. ಇವೆರಡರ ನಡುವೆ ನಿಲ್ಲುವುದು ಮೆಹಸಾಣಾ. ಮುರ್ರಾ ಮತ್ತು ಸುರ್ತಿಗಳ ಬೆರಕೆಯಿಂದ ಉತ್ತರ ಗುಜರಾತಿನಲ್ಲಿ ರೂಪುಗೊಂಡ ಈ ತಳಿಯ ಕೋಡು ಬಾಗಿರುತ್ತದೆ, ಆದರೆ ಸುರುಳಿ ಬಿಗಿಯಾಗಿರುವುದಿಲ್ಲ. ಮೋಸವೋ ಅಜ್ಞಾನವೋ, ಗೊಂದಲ ಹೆಚ್ಚಾಗುವುದು ಇಲ್ಲೇ.

ನಮ್ಮ ಗಡಿ ಜಿಲ್ಲೆಗಳಲ್ಲಿ ಓಡಾಡುವ ಪಂಢರಪುರಿಯನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಉದ್ದನೆಯ ಕಿರಿದಾದ ಮುಖ, ಎದ್ದು ಕಾಣುವ ಮೂಗಿನ ಮೂಳೆ, ಹೆಗಲನ್ನೂ ದಾಟಿ ಹಿಂದಕ್ಕೆ ಚಾಚಿದ ಕತ್ತಿಯಂಥ ಕೋಡು. 2021ರಲ್ಲಿ ರಾಷ್ಟ್ರಮಟ್ಟದ ಮಾನ್ಯತೆ ಪಡೆದ ನಮ್ಮ ಧಾರವಾಡಿಯ ಕೋಡು ಅರ್ಧಚಂದ್ರಾಕಾರದಲ್ಲಿ ಬಾಗಿ ಹೆಗಲಿನತ್ತ ಬರುತ್ತದೆ. ಜವಾರಿ ಎಮ್ಮೆ ಎಂದು ಇಷ್ಟು ದಿನ ಮೂಲೆಗೆ ತಳ್ಳಿದ್ದು ಇದನ್ನೇ. ಪೇಢೆಗೆ ಹೆಸರಾದ ಊರಿನ ಎಮ್ಮೆಗೆ ಮಾನ್ಯತೆ ಸಿಗಲು ಇಷ್ಟು ತಡವಾಗಬಾರದಿತ್ತು.

ಕೋಡಿನಷ್ಟು ಬಣ್ಣವನ್ನು ನಂಬುವಂತಿಲ್ಲ. ಮುರ್ರಾ ಅಚ್ಚಕಪ್ಪು ನಿಜ, ಆದರೆ ಮೈಗೆ ಎಣ್ಣೆ ಸವರಿದರೆ ಯಾವ ಎಮ್ಮೆಯೂ ಅಚ್ಚಕಪ್ಪೇ. ಬಿಸಿಲಲ್ಲಿ ಮೇಯುವ ಕರಿ ಎಮ್ಮೆಯ ಕೂದಲು ಕಂದಿ ಕೆಂಚಾಗುವುದೂ ಉಂಟು. ಆದ್ದರಿಂದ ಮೈಬಣ್ಣಕ್ಕಿಂತ ಬಿಳಿ ಗುರುತು ಎಲ್ಲಿದೆ ಎಂದು ಹುಡುಕುವುದು ಮೇಲು. ಸುರ್ತಿಗೆ ದವಡೆಯ ಕೆಳಗೊಂದು, ಎದೆಯ ಮುಂಭಾಗದಲ್ಲೊಂದು, ಹೀಗೆ ಎರಡು ಬಿಳಿ ಪಟ್ಟಿಗಳಿರುತ್ತವೆ. ಮೈ ಕಂದು ಅಥವಾ ಬೂದು. ಮುಖ, ಕಾಲುಗಳಲ್ಲಿ ಬಿಳಿಯಿದ್ದು ಕಣ್ಣೂ ಬಿಳಿಚಿಕೊಂಡಿದ್ದರೆ ಅದು ಪಂಜಾಬಿನ ನೀಲಿ-ರಾವಿ ಇರಬಹುದು. ಅದರ ಕೋಡೂ ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಮುರ್ರಾ ಎಂದು ಹೇಳಿ ಮಾರುವುದು ಸುಲಭ. ಮುರ್ರಾಕ್ಕೆ ಬಾಲದ ತುದಿಯಲ್ಲಿ ಬಿಳಿ ಕುಚ್ಚು ಇದ್ದರೆ ಅಡ್ಡಿಯಿಲ್ಲ, ಮುಖದಲ್ಲಿ ಬಿಳಿ ಇರಬಾರದು.

ಒಂದು ಫೋಟೊವನ್ನೇ ಪರೀಕ್ಷಿಸೋಣ. ಮಿರಮಿರ ಮಿಂಚುವ ಕಪ್ಪು ಎಮ್ಮೆ, ಎದುರಿನಿಂದ ತೆಗೆದ ಚಿತ್ರ, ಕೋಡು ಎರಡೂ ಬದಿ ಕೆಳಗಿಳಿದು ತುದಿ ಸ್ವಲ್ಪ ಮೇಲೆದ್ದಿದೆ. ಎದುರಿನಿಂದ ನೋಡಿದರೆ ಸುರುಳಿ ಎಷ್ಟು ಬಿಗಿ ಎಂಬುದು ತಿಳಿಯದು. ಹತ್ತಿರದಿಂದ ತೆಗೆದಿದ್ದರಿಂದ ತಲೆ ದೊಡ್ಡದಾಗಿ, ಹಿಂಭಾಗ ಸಣ್ಣದಾಗಿ ಕಾಣುತ್ತದೆ. ಮುರ್ರಾದಲ್ಲಿ ಇರಬೇಕಾದದ್ದು ಇದರ ತಿರುವುಮುರುವು: ತಲೆ ಚಿಕ್ಕದು, ಮೈ ಮುಂದೆ ಕಿರಿದಾಗಿ ಹಿಂದಕ್ಕೆ ಹೋದಂತೆ ಅಗಲ. ಆದ್ದರಿಂದ ಮಾರುವವರಿಗೆ ಎರಡನೆಯ ಫೋಟೊ ಕೇಳಬೇಕು. ನಾಲ್ಕೂ ಕಾಲು ಕಾಣುವಂತೆ, ಎಮ್ಮೆಯ ಬೆನ್ನಿನ ಎತ್ತರಕ್ಕೆ ಫೋನ್ ಹಿಡಿದು ಪೂರ್ತಿ ಬದಿಯಿಂದ ತೆಗೆದದ್ದು. ಪಕ್ಕದಲ್ಲಿ ಒಬ್ಬ ಮನುಷ್ಯ ನಿಂತಿದ್ದರೆ ಎತ್ತರದ ಅಂದಾಜೂ ಸಿಗುತ್ತದೆ. ಅದರಲ್ಲಿ ಕೋಡು ಸಡಿಲವಾದ ಅರ್ಧ ಸುತ್ತಷ್ಟೇ ಹಾಕಿ ನಿಂತಿದೆ, ಎದೆಯ ಮೇಲೆ ಮಾಸಲು ಬಿಳಿ ಗೆರೆ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಆಗ ಇದು ಅಪ್ಪಟ ಮುರ್ರಾ ಅಲ್ಲ, ಸುರ್ತಿಯ ರಕ್ತ ಸೇರಿರುವ ಸಾಧ್ಯತೆ ಹೆಚ್ಚು. ಅದು ಮೆಹಸಾಣಾವೋ, ಇಲ್ಲೇ ಹುಟ್ಟಿದ ಬೆರಕೆಯೋ ಎಂದು ಚಿತ್ರ ನೋಡಿ ತೀರ್ಪು ಕೊಡಲಾಗದು.

ಕರು, ಎಳೆಯ ಮಣಕಗಳ ವಿಷಯದಲ್ಲಿ ಈ ವಿದ್ಯೆ ಕೆಲಸಕ್ಕೆ ಬಾರದು. ಕೋಡು ಬೆಳೆದು ತಿರುವು ತೆಗೆದುಕೊಳ್ಳುವವರೆಗೆ ಎಲ್ಲವೂ ಹೆಚ್ಚುಕಡಿಮೆ ಒಂದೇ. ಕೋಡು ಸುಟ್ಟ ಅಥವಾ ಕತ್ತರಿಸಿದ ಎಮ್ಮೆಯಾದರೆ ಮುಖ್ಯ ಸಾಕ್ಷಿಯೇ ಇಲ್ಲ.

ಇನ್ನು, ಕೋಡು ಎಷ್ಟೇ ಬಿಗಿಯಾಗಿ ಸುತ್ತಿರಲಿ, ಅದರಿಂದ ತಳಿ ಗೊತ್ತಾದೀತೇ ಹೊರತು ಹಾಲಿನ ಅಳತೆ ಗೊತ್ತಾಗದು. ಫೋಟೊ ನೋಡಿ ಮುಂಗಡ ಕಳಿಸಬೇಡಿ. ಕೊಟ್ಟಿಗೆಗೆ ಹೋಗಿ, ಎದುರಿಗೇ ಎರಡು ಹೊತ್ತು ಹಾಲು ಕರೆಸಿ ನೋಡಿದ ಮೇಲೆಯೇ ಬೆಲೆಯ ಮಾತಾಡಿ.